ನನಗೆ ಮಗಳಿದ್ದಾಳೆ ಅಂತ ಅವರಿಗೆ ಯಾವಾಗ ಹೇಳಲಿ?

ಪ್ರಶ್ನೆ: ನನಗೆ 34 ವರ್ಷ. ಊರು ಹುಬ್ಬಳ್ಳಿ, ಕೆಲಸ ಬೆಂಗಳೂರಿನಲ್ಲಿ. ಡಿವೋರ್ಸ್ ಆಗಿ ಮೂರು ವರ್ಷ ಆಯ್ತು. ಆರು ವರ್ಷದ ಮಗಳು ನನ್ನ ಜೊತೆಗೇ ಇದ್ದಾಳೆ, ಅಮ್ಮ ನೋಡಿಕೊಳ್ಳುತ್ತಾರೆ. ಎರಡು ತಿಂಗಳ ಹಿಂದೆ ಆಫೀಸಿನ ಟ್ರೇನಿಂಗ್‌ನಲ್ಲಿ ಒಬ್ಬರ ಪರಿಚಯವಾಯಿತು. ನಾಲ್ಕು ಸಲ ಕಾಫಿಗೆ ಹೋಗಿದ್ದೇವೆ. ಡಿವೋರ್ಸ್ ವಿಷಯ ಅವರಿಗೆ ಗೊತ್ತು, ಮಗಳ ವಿಷಯ ಗೊತ್ತಿಲ್ಲ. ಹೋದ ಶನಿವಾರ ಸಿನಿಮಾಗೆ ಕರೆದರು. ಅವತ್ತು ಮಗಳ ಸ್ಕೂಲ್ ಡೇ ಇತ್ತು. ಆಫೀಸ್ ಕೆಲಸ ಇದೆ ಅಂದುಬಿಟ್ಟೆ. ಅವರಿಗೆ ನಿನ್ನ ಮೇಲೆ ಮನಸ್ಸು ಗಟ್ಟಿಯಾಗಲಿ, ಆಮೇಲೆ ಹೇಳು, ಅಲ್ಲಿವರೆಗೂ ಅಕ್ಕನ ಮಗಳು ಅಂತ ಹೇಳಿದರಾಯ್ತು ಅಂತಾರೆ ಅಮ್ಮ. ಗೆಳತಿ ಮೊದಲ ದಿನವೇ ಹೇಳಬೇಕಿತ್ತು ಅಂತಾಳೆ. ಯಾವುದು ಸರಿ?

ಉತ್ತರ: ಮೊದಲ ದಿನವೇ ಹೇಳಬೇಕಿತ್ತು ಅಂತ ನನಗೆ ಅನಿಸುವುದಿಲ್ಲ. ಟ್ರೇನಿಂಗ್‌ನಲ್ಲಿ ಪಕ್ಕ ಕೂತವರಿಗೆಲ್ಲ ಮನೆ ವಿಷಯ ಹೇಳಬೇಕಾಗಿಲ್ಲ. ಮದುವೆ ವೆಬ್‌ಸೈಟಿನಲ್ಲಿ ಪರಿಚಯವಾಗಿದ್ದರೆ ಮಾತು ಬೇರೆ. ಅಲ್ಲಿ ಮಕ್ಕಳಿದ್ದಾರಾ, ಜೊತೆಗೇ ಇದ್ದಾರಾ ಅಂತ ಕೇಳಿರುತ್ತಾರೆ, ಆ ಜಾಗ ಖಾಲಿ ಬಿಡಬಾರದು. ನಿಮ್ಮದು ಹಾಗೆ ಶುರುವಾಗಿಲ್ಲ.

ಆದರೆ ಇಂಥ ವಿಷಯದಲ್ಲಿ ಎಷ್ಟನೇ ಭೇಟಿ ಅಂತ ನಾನು ಲೆಕ್ಕ ಹಾಕುವುದಿಲ್ಲ. ಮಗುವನ್ನು ಮುಚ್ಚಿಡಲು ಒಂದು ಸುಳ್ಳು ಹೇಳುವ ಸಂದರ್ಭ ಬಂತು ಅಂದರೆ, ಹೇಳುವ ಹೊತ್ತು ಬಂತು ಅಂತಲೇ ಅರ್ಥ. ನಿಮಗೆ ಅದು ಹೋದ ಶನಿವಾರ ಬಂದಿದೆ. ಹಾಗಾಗಿ ಐದನೇ ಭೇಟಿಯಲ್ಲೇ ಹೇಳಿಬಿಡಿ.

ಅಮ್ಮ ಹೇಳುವ ದಾರಿ ಯಾಕೆ ಬೇಡ ಅನ್ನುತ್ತೇನೆ ಅಂದರೆ, ಅದು ಎಲ್ಲಿಗೆ ಮುಟ್ಟುತ್ತದೆ ಅಂತ ನಾನು ನೋಡಿದ್ದೇನೆ. ನನ್ನ ಬಳಿ ಒಂದು ಜೋಡಿ ಬಂದಿತ್ತು. ಹುಡುಗನ ಮೊದಲ ಹೆಂಡತಿ ತೀರಿಕೊಂಡಿದ್ದರು. ನಾಲ್ಕು ವರ್ಷದ ಮಗ ಅಜ್ಜಿ ಮನೆಯಲ್ಲಿದ್ದ. ಆತ ಐದು ತಿಂಗಳು ಹೇಳಿರಲಿಲ್ಲ. ಒಂದು ದಿನ ಸಂಬಂಧಿಕರೊಬ್ಬರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಗುವಿನ ಹುಟ್ಟುಹಬ್ಬದ ಫೋಟೋ ಬಂತು, ಅದು ಹುಡುಗಿಯ ಕಣ್ಣಿಗೆ ಬಿತ್ತು. ನನ್ನೆದುರು ಕೂತು ಆಕೆ ಮಗುವಿನ ಬಗ್ಗೆ ಒಂದೂ ಬೇಸರದ ಮಾತಾಡಲಿಲ್ಲ. ಬೆರಳು ಮಡಚುತ್ತಾ ಹೋದಳು. ‘ಅವತ್ತು ಊರಿಗೆ ಹೋಗಿದ್ದೆ ಅಂದಿದ್ದು? ಫೋನ್ ಚಾರ್ಜ್ ಇರಲಿಲ್ಲ ಅಂದಿದ್ದು? ಹಬ್ಬದ ದಿನ ತಲೆನೋವು ಅಂದಿದ್ದು?’ ಐದು ತಿಂಗಳ ಒಂದೊಂದು ನೆನಪನ್ನೂ ಆಕೆ ಮತ್ತೆ ತೆಗೆದು ನೋಡಬೇಕಾಯಿತು. ಆ ಸಂಬಂಧ ಉಳಿಯಲಿಲ್ಲ. ನಿಮ್ಮದು ಈಗ ಒಂದೇ ಸುಳ್ಳು. ಒಂದನ್ನು ಸರಿಮಾಡುವುದು ಸುಲಭ.

ಇನ್ನು ‘ಅಕ್ಕನ ಮಗಳು’ ಅನ್ನುವುದು. ಅದಕ್ಕೆ ನಿಮ್ಮ ಮಗಳೂ ಸುಳ್ಳಿನಲ್ಲಿ ಸೇರಬೇಕಾಗುತ್ತದೆ. ಎದುರಿಗೆ ಯಾರೋ ಬಂದಾಗ ನಿಮ್ಮನ್ನು ಅಮ್ಮ ಅನ್ನಬಾರದು ಅಂತ ಆರು ವರ್ಷದ ಮಗುವಿಗೆ ಹೇಳಿದರೆ, ನಾನು ಅಮ್ಮನಿಗೆ ನಾಚಿಕೆಯ ವಿಷಯ ಅಂತ ಅದು ತಿಳಿದುಕೊಳ್ಳುತ್ತದೆ. ದಯವಿಟ್ಟು ಆ ಕಡೆ ಹೋಗಲೇಬೇಡಿ. ಕಾನೂನಿನ ಮಾತನ್ನೂ ಅಮ್ಮನಿಗೆ ತಿಳಿಸಿ. ಮದುವೆಗೆ ಒಪ್ಪುವವರಿಂದ ಮುಖ್ಯವಾದ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದಿದ್ದರೆ, ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಅಡಿ ಆ ಮದುವೆಯನ್ನು ರದ್ದು ಮಾಡಿ ಅಂತ ಕೋರ್ಟಿಗೆ ಹೋಗಬಹುದು. ವಿಷಯ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ‘ಮದುವೆ ಆದಮೇಲೆ ಎಲ್ಲ ಸರಿಹೋಗುತ್ತೆ’ ಅನ್ನುವ ಧೈರ್ಯ ಹಿರಿಯರಿಗೆ ಜಾಸ್ತಿ ಇರುತ್ತದೆ, ಅಲ್ವಾ? ಅದಕ್ಕೆ ಹೇಳಿದೆ.

ಈಗ ಹೇಗೆ ಹೇಳುವುದು ಅನ್ನುವುದಕ್ಕೆ ಬರೋಣ. ಮಗಳಿದ್ದಾಳೆ ಅನ್ನುವುದು ಒಂದು ವಿಷಯ. ನಿಮ್ಮ ಮದುವೆ ಯಾಕೆ ಮುರಿಯಿತು ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಸಲ ಹೇಳಲು ಹೋದರೆ ಮಾತು ಉದ್ದವಾಗುತ್ತದೆ, ಅಳು ಬರುತ್ತದೆ. ಎದುರಿನವರು ನಿಮ್ಮನ್ನು ಸಮಾಧಾನ ಮಾಡುವುದರಲ್ಲೇ ಇರುತ್ತಾರೆ. ತಮಗೇನು ಅನಿಸಿತು ಅಂತ ಯೋಚಿಸಲು ಅವರಿಗೆ ಆಗುವುದೇ ಇಲ್ಲ. ಹಾಗಾಗಿ ಇಷ್ಟು ಸಾಕು:

‘ನಿಮಗೆ ಒಂದು ವಿಷಯ ಹೇಳಬೇಕು. ನನಗೆ ಆರು ವರ್ಷದ ಮಗಳಿದ್ದಾಳೆ, ನನ್ನ ಜೊತೆಗೇ ಇರ್ತಾಳೆ. ಶನಿವಾರ ಆಫೀಸ್ ಕೆಲಸ ಅಂದಿದ್ದೆ, ಅದು ಸುಳ್ಳು. ಅವಳ ಸ್ಕೂಲ್ ಡೇ ಇತ್ತು. ಆ ಸುಳ್ಳಿಗೆ ಸಾರಿ. ನೀವು ಈಗಲೇ ಏನೂ ಹೇಳಬೇಕಿಲ್ಲ.’

ಸಾರಿ ಎಲ್ಲಿ ಬಂದಿದೆ ಅಂತ ಗಮನಿಸಿ. ಸುಳ್ಳಿಗೆ ಮಾತ್ರ. ಮಗಳಿರುವುದಕ್ಕೆ ಸಾರಿ ಕೇಳಬೇಡಿ. ‘ಪಾಪ, ಅವಳಿಂದ ಏನೂ ತೊಂದರೆ ಇಲ್ಲ’ ಅಂತ ಅವಳ ಪರವಾಗಿ ವಾದ ಮಾಡಲೂ ಹೋಗಬೇಡಿ.

ಕಾಫಿಗೆ ಹೋದಾಗಲೇ ಹೇಳಿ, ಆದರೆ ಎದ್ದು ಹೊರಡುವ ಹೊತ್ತಿಗೆ ಬೇಡ, ಕೂತ ಸ್ವಲ್ಪ ಹೊತ್ತಿಗೇ ಹೇಳಿ. ನೀವು ನಿಮ್ಮ ಗಾಡಿಯಲ್ಲಿ, ಅವರು ಅವರ ಗಾಡಿಯಲ್ಲಿ ಬಂದಿದ್ದರೆ ಒಳ್ಳೆಯದು. ಲಾಂಗ್ ಡ್ರೈವ್‌ನಲ್ಲಿ ಹೇಳಿ ಆಮೇಲೆ ಎರಡು ಗಂಟೆ ಒಂದೇ ಕಾರಿನಲ್ಲಿ ಮಾತಿಲ್ಲದೆ ಕೂರುವುದು ಇಬ್ಬರಿಗೂ ಕಷ್ಟ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿ ನೀಲಿ ಟಿಕ್ ನೋಡುತ್ತಾ ನಿದ್ದೆಗೆಡುವುದೂ ಬೇಡ.

ಅವರು ಸುಮ್ಮನಾದರೆ ಅದನ್ನು ‘ಬೇಡ’ ಅಂತ ಓದಿಕೊಳ್ಳಬೇಡಿ. ಎರಡು ತಿಂಗಳು ಒಂದು ಚಿತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದವರಿಗೆ ಅದನ್ನು ಬದಲಿಸಿಕೊಳ್ಳಲು ಕೆಲವು ದಿನ ಬೇಕು. ಒಂದು ವಾರ ಬಿಡಿ. ಅವರು ಕೇಳುವ ಪ್ರಶ್ನೆಗಳನ್ನು ಮಾತ್ರ ಗಮನವಿಟ್ಟು ಕೇಳಿ. ‘ಅವಳನ್ನು ಸ್ಕೂಲಿಗೆ ಯಾರು ಬಿಡ್ತಾರೆ? ನೀವು ಇಲ್ಲಿಗೆ ಬಂದಾಗ ಅವಳ ಹತ್ರ ಯಾರಿರ್ತಾರೆ?’ ಅಂತ ಕೇಳಿದರೆ, ಅವರು ನಿಮ್ಮ ದಿನವನ್ನು ಅವಳ ಸಮೇತ ನೋಡುತ್ತಿದ್ದಾರೆ. ‘ಮುಂದೆ ಅಜ್ಜಿ ಹತ್ರ ಬಿಡಬಹುದಲ್ವಾ?’ ಅಂದರೆ ಅವಳನ್ನು ಬಿಟ್ಟು ನೋಡುತ್ತಿದ್ದಾರೆ. ಅದಕ್ಕೆ ಅಲ್ಲೇ ಉತ್ತರ ಕೊಡಿ: ‘ಇಲ್ಲ, ಅವಳು ಯಾವಾಗಲೂ ನನ್ನ ಜೊತೆಗೇ ಇರ್ತಾಳೆ.’

ಜನ ಅಷ್ಟಾಗಿ ಗಮನಿಸದ ಮಾತು ಇನ್ನೊಂದಿದೆ. ‘ನನಗೇನೂ ಪರವಾಗಿಲ್ಲ, ಆದರೆ ನಮ್ಮ ಮನೆಯಲ್ಲಿ ಸದ್ಯಕ್ಕೆ ಹೇಳೋದು ಬೇಡ.’ ಕೆಲವು ವಾರದ ಮಟ್ಟಿಗೆ ಇದು ಸಹಜ, ಅವರಿಗೂ ಧೈರ್ಯ ಬೇಕು. ಆದರೆ ಮದುವೆ ಮಾತು ಶುರುವಾದ ಮೇಲೂ ಅವರ ಅಪ್ಪ ಅಮ್ಮನಿಗೆ ಗೊತ್ತಿಲ್ಲ ಅಂದರೆ, ನಿಮ್ಮ ಮನೆಯ ಗುಟ್ಟು ಅವರ ಮನೆಗೆ ಹೋಗಿದೆ ಅಷ್ಟೇ. ಅವರ ಮನೆಯವರಿಗೆ ಅವರೇ ಹೇಳಬೇಕು, ನೀವಲ್ಲ. ಹೇಳುವವರೆಗೂ ಮಾತುಕತೆಗೆ ಹಿರಿಯರನ್ನು ಕೂರಿಸಬೇಡಿ.

ತುಂಬಾ ಖುಷಿಪಟ್ಟು ‘ನಾಳೆನೇ ಅವಳನ್ನು ಕರ್ಕೊಂಡು ಬನ್ನಿ’ ಅಂದರೂ ನಿಧಾನಿಸಿ. ವಿಷಯ ಹೇಳುವುದಕ್ಕೂ ಮಗಳನ್ನು ಭೇಟಿ ಮಾಡಿಸುವುದಕ್ಕೂ ನಡುವೆ ತಿಂಗಳುಗಳ ಅಂತರ ಇರಲಿ. ಅಲ್ಲಿಯವರೆಗೆ ಅವಳ ಫೋಟೋ, ಸ್ಕೂಲಿನ ಹೆಸರು, ಅವಳು ಮನೆಗೆ ಬರುವ ಹೊತ್ತು ಯಾವುದನ್ನೂ ಕೊಡಬೇಡಿ. ಇವರ ಮೇಲೆ ಅನುಮಾನ ಪಡಿ ಅಂತಲ್ಲ. ಎರಡು ತಿಂಗಳ ಪರಿಚಯಕ್ಕೆ ಅಷ್ಟು ಬೇಕಾಗಿಲ್ಲ. ಮಕ್ಕಳು ಬೇಗ ಹಚ್ಚಿಕೊಳ್ಳುತ್ತಾರೆ. ಹಚ್ಚಿಕೊಂಡ ಮೇಲೆ ಆ ಮನುಷ್ಯ ಬರುವುದು ನಿಂತರೆ, ‘ಅಂಕಲ್ ಯಾಕೆ ಬರ್ತಿಲ್ಲ?’ ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವು.

ಮಗಳ ತಂದೆ ಅವಳನ್ನು ಯಾವಾಗ ಕರೆದುಕೊಂಡು ಹೋಗುತ್ತಾರೆ, ಕೋರ್ಟ್ ಆದೇಶದಲ್ಲಿ ಏನಿದೆ, ಖರ್ಚು ಯಾರು ಕೊಡುತ್ತಾರೆ, ಮುಂದೆ ಇನ್ನೊಂದು ಮಗು ಬೇಕಾ? ಇದೆಲ್ಲ ಆಮೇಲಿನ ಮಾತು. ಇಬ್ಬರೂ ಮುಂದುವರಿಯೋಣ ಅಂತ ತೀರ್ಮಾನಿಸಿದ ಮೇಲೆ, ಮದುವೆ ಅಂತ ಬಾಯಿಬಿಡುವ ಮೊದಲು ಒಂದು ದಿನ ಇದಕ್ಕೆಂದೇ ಕೂತು ಮಾತಾಡಿ.

ಅಷ್ಟರೊಳಗೆ ಮಗಳು ‘ಫೋನಲ್ಲಿ ಯಾರು ಅಮ್ಮಾ?’ ಅಂತ ಕೇಳಿದರೆ ‘ನನ್ನ ಫ್ರೆಂಡ್’ ಅನ್ನಿ. ಅದು ನಿಜ. ಅವಳಿಗೆ ಸದ್ಯಕ್ಕೆ ಅಷ್ಟು ಸಾಕು.