ಎರಡು ಮೊಟ್ಟೆ, 100 ಮಹಡಿ: ಮೊದಲು 9ನೇ ಮಹಡಿಯೋ 14ನೆಯದೋ?

ಪ್ರಶ್ನೆ: ಎಷ್ಟನೇ ಮಹಡಿಯಿಂದ ಬೀಳಿಸಿದರೆ ಮೊಟ್ಟೆ ಒಡೆಯಲು ಶುರುವಾಗುತ್ತೆ ಅಂತ ಆದಷ್ಟು ಕಡಿಮೆ ಪ್ರಯತ್ನದಲ್ಲಿ ಖಾತ್ರಿಯಾಗಿ ಕಂಡುಹಿಡಿಯಬೇಕು. ಈ ಮೊಟ್ಟೆ ಬೀಳಿಸುವ ಲೆಕ್ಕಕ್ಕೆ ಡೈನಾಮಿಕ್ ಪ್ರೋಗ್ರಾಮಿಂಗ್‌ನಲ್ಲಿ ಕೋಡ್ ಬರೆದೆ. ಎರಡು ಮೊಟ್ಟೆ, 100 ಮಹಡಿಗೆ 14 ಪ್ರಯತ್ನ ಅಂತ ಸರಿ ಉತ್ತರ ಬರುತ್ತೆ. ಆದರೆ ಮೊದಲು ಯಾವ ಮಹಡಿ ಅಂತ ಪ್ರಿಂಟ್ ಮಾಡಿದ್ರೆ 9 ಬರುತ್ತೆ. ಎಲ್ಲರೂ 14ನೇ ಮಹಡಿ ಅಂತಾರೆ. ನನ್ನ ಕೋಡ್‌ನಲ್ಲಿ ತಪ್ಪು ಎಲ್ಲಿದೆ?

ತಪ್ಪು ಇಲ್ಲ. 9 ಸರಿ, 14 ಸರಿ, ನಡುವಿನ 10, 11, 12, 13 ಕೂಡ ಸರಿ. ಈ ಆರರಲ್ಲಿ ಯಾವುದರಿಂದ ಶುರು ಮಾಡಿದರೂ 14 ಪ್ರಯತ್ನದೊಳಗೆ ಕೆಲಸ ಮುಗಿಯುತ್ತದೆ. 8ರಿಂದ ಅಥವಾ 15ರಿಂದ ಶುರು ಮಾಡಿದರೆ ಮುಗಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಯಾಕೆ ಅನ್ನುವುದನ್ನು ಚಿಕ್ಕ ಕಟ್ಟಡದಿಂದ ನೋಡೋಣ, ಅಲ್ಲಿ ಕೈಯಲ್ಲೇ ಲೆಕ್ಕ ಹಾಕಬಹುದು.

`f(e, n)` ಅಂದರೆ `e` ಮೊಟ್ಟೆ ಕೈಯಲ್ಲಿದ್ದು, ಇನ್ನೂ `n` ಮಹಡಿ ಅನುಮಾನದಲ್ಲಿದ್ದಾಗ ಬೇಕಾಗುವ ಪ್ರಯತ್ನ. `x`ನೇ ಮಹಡಿಯಿಂದ ಬೀಳಿಸಿದೆವು ಅನ್ನಿ. ಒಡೆದರೆ ಒಂದು ಮೊಟ್ಟೆ ಹೋಯಿತು, ಕೆಳಗಿನ `x-1` ಮಹಡಿ ಉಳಿಯಿತು. ಒಡೆಯದಿದ್ದರೆ ಅದೇ ಮೊಟ್ಟೆಯನ್ನು ಮತ್ತೆ ಬಳಸಬಹುದು, ಮೇಲಿನ `n-x` ಮಹಡಿ ಉಳಿಯಿತು. ಒಡೆಯುತ್ತದೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಅದಕ್ಕೇ ಎರಡರಲ್ಲಿ ಕೆಟ್ಟದ್ದನ್ನೇ ಹಿಡಿಯಬೇಕು, ಅದು `max`. ಯಾವ ಮಹಡಿಗೆ ಹೋಗಬೇಕು ಅನ್ನುವುದು ನಮ್ಮ ಕೈಯಲ್ಲಿದೆ, ಅದು `min`. ಒಂದೇ ಮೊಟ್ಟೆ ಇದ್ದರೆ ಕೆಳಗಿನಿಂದ ಒಂದೊಂದೇ ಮಹಡಿ ಹತ್ತುವುದು ಬಿಟ್ಟು ಬೇರೆ ದಾರಿಯಿಲ್ಲ, ಹಾಗಾಗಿ `f(1, n) = n`.

ಈಗ ಎರಡು ಮೊಟ್ಟೆ, 6 ಮಹಡಿ. ಎರಡು ಮೊಟ್ಟೆಗೆ 1, 2, 3, 4, 5 ಮಹಡಿಯ ಉತ್ತರ ಕ್ರಮವಾಗಿ 1, 2, 2, 3, 3 ಅಂತ ಟೇಬಲ್‌ನಲ್ಲಿ ಆಗಲೇ ತುಂಬಿರುತ್ತದೆ. ಮೊದಲು 3ನೇ ಮಹಡಿಗೆ ಹೋದರೆ, ಒಡೆದಾಗ ಉಳಿದ ಒಂದು ಮೊಟ್ಟೆಗೆ 2 ಪ್ರಯತ್ನ, ಒಡೆಯದಿದ್ದರೂ ಮೇಲಿನ 3 ಮಹಡಿಗೆ 2 ಪ್ರಯತ್ನ. ಒಟ್ಟು 3. ಬದಲಿಗೆ 2ನೇ ಮಹಡಿಗೆ ಹೋದರೆ ಮೇಲೆ 4 ಮಹಡಿ ಉಳಿದು ಒಟ್ಟು 4 ಆಗುತ್ತದೆ. 4ನೆಯದಕ್ಕೆ ಹೋದರೆ ಒಡೆದಾಗ ಕೆಳಗೆ 3 ಮಹಡಿಯನ್ನು ಒಂದೇ ಮೊಟ್ಟೆಯಲ್ಲಿ ನೋಡಬೇಕು, ಆಗಲೂ ಒಟ್ಟು 4. ಅಂದರೆ 6 ಮಹಡಿಗೆ 3ನೇ ಮಹಡಿ ಒಂದೇ ಸರಿ ಉತ್ತರ.

ಒಂದು ಮಹಡಿ ಕಡಿಮೆ ಮಾಡಿ, 5 ಮಹಡಿ ಇಟ್ಟುಕೊಳ್ಳಿ. ಈಗ 2ರಿಂದ ಶುರು ಮಾಡಿದರೂ 3 ಪ್ರಯತ್ನ, 3ರಿಂದ ಶುರು ಮಾಡಿದರೂ 3 ಪ್ರಯತ್ನ. ಎರಡೂ ಸರಿ. ನಿಮ್ಮ 100 ಮಹಡಿಯಲ್ಲೂ ಆಗಿದ್ದು ಇದೇ.

ಇದು ಪೂರ್ತಿ ಕಾಣಬೇಕಾದರೆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. `t` ಪ್ರಯತ್ನ, `e` ಮೊಟ್ಟೆ ಕೊಟ್ಟರೆ ಜಾಸ್ತಿ ಅಂದರೆ ಎಷ್ಟು ಮಹಡಿಯ ಕಟ್ಟಡವನ್ನು ಖಾತ್ರಿಯಾಗಿ ಪರೀಕ್ಷಿಸಬಹುದು? ಅದನ್ನು `g(t, e)` ಅನ್ನೋಣ.

`g(t, e) = g(t-1, e-1) + 1 + g(t-1, e)`

ಒಡೆದರೆ ಕೆಳಗೆ ಎಷ್ಟು ಮಹಡಿ ನಿಭಾಯಿಸಬಹುದೋ ಅಷ್ಟು, ಈಗ ನಿಂತಿರುವ ಮಹಡಿ ಒಂದು, ಒಡೆಯದಿದ್ದರೆ ಮೇಲೆ ಎಷ್ಟು ನಿಭಾಯಿಸಬಹುದೋ ಅಷ್ಟು. ಎರಡು ಮೊಟ್ಟೆಗೆ ಇದು 1 + 2 + ... + `t` ಆಗುತ್ತದೆ. 13 ಪ್ರಯತ್ನಕ್ಕೆ 91 ಮಹಡಿ, 14ಕ್ಕೆ 105. ನೂರು ಮಹಡಿಗೆ 13 ಸಾಲದು, 14 ಬೇಕು. ಆದರೆ 14ರಲ್ಲಿ 5 ಮಹಡಿಯಷ್ಟು ಮಿಗುತ್ತದೆ. ನಿಮಗೆ ಸಿಕ್ಕ ಸಡಿಲು ಅದೇ.

ಮೊದಲ ಮಹಡಿ `x` ಅನ್ನಿ. ಒಡೆದರೆ 13 ಪ್ರಯತ್ನ, ಒಂದು ಮೊಟ್ಟೆ ಉಳಿಯುತ್ತದೆ. ಹಾಗಾಗಿ `x-1` ಅನ್ನುವುದು 13 ದಾಟಬಾರದು, `x` ಹೆಚ್ಚೆಂದರೆ 14. ಒಡೆಯದಿದ್ದರೆ 13 ಪ್ರಯತ್ನ, ಎರಡು ಮೊಟ್ಟೆ. ಮೇಲೆ ಉಳಿದ `100-x` ಮಹಡಿ 91 ದಾಟಬಾರದು, ಅಂದರೆ `x` ಕಡಿಮೆಯೆಂದರೆ 9. ಈ ಎರಡು ಮಿತಿಯ ನಡುವೆ ಯಾವುದಾದರೂ ಆಗಬಹುದು.

ನಿಮ್ಮ ಕೋಡ್ 9ನ್ನೇ ಆರಿಸಿದ್ದಕ್ಕೆ ಕಾರಣ ಹೋಲಿಕೆಯ ಗುರುತು. ಬಹುಶಃ ನಿಮ್ಮ ಒಳಗಿನ ಲೂಪ್ ಹೀಗಿರಬೇಕು:

```python
for x in range(1, n + 1):
    w = 1 + max(f[e-1][x-1], f[e][n-x])
    if w < f[e][n]:
        f[e][n] = w
        pick[e][n] = x
```

ಲೂಪ್ ಕೆಳಗಿನಿಂದ ಮೇಲೆ ಹೋಗುತ್ತದೆ. 9ರಲ್ಲಿ 14 ಸಿಕ್ಕಿತು. ಆಮೇಲೆ 10ರಿಂದ 14ರವರೆಗೂ ಅದೇ 14 ಬರುತ್ತದೆ, ಆದರೆ `<` ಇರುವುದರಿಂದ ಬದಲಾಗುವುದಿಲ್ಲ. ಅದನ್ನು `<=` ಮಾಡಿ ನೋಡಿ, 14ನೇ ಮಹಡಿ ಬರುತ್ತದೆ.

ಪೂರ್ತಿ ದಾರಿ ಪ್ರಿಂಟ್ ಮಾಡುವಾಗ ಒಂದು ಕಡೆ ಎಡವುವ ಸಾಧ್ಯತೆ ಜಾಸ್ತಿ. 9ರಲ್ಲಿ ಒಡೆಯದಿದ್ದರೆ 91 ಮಹಡಿ ಉಳಿಯಿತು, `pick[2][91]` ನೋಡಿದರೆ 13 ಬರುತ್ತದೆ. ಅದು 13ನೇ ಮಹಡಿ ಅಲ್ಲ. 9ರ ಮೇಲೆ ಎಣಿಸಿದಾಗ 13ನೆಯದು, ಅಂದರೆ 22. ಒಡೆಯದೆ ದಾಟಿದ ಮಹಡಿಯನ್ನು ಪ್ರತಿ ಸಲ ಕೂಡಿಸಿಕೊಂಡೇ ಹೋಗಬೇಕು. ಪ್ರಿಂಟ್ ಆದ ಮಹಡಿ ಹಿಂದಿನದಕ್ಕಿಂತ ಕೆಳಗೆ ಬಂತು ಅಂದರೆ ಕೂಡಿಸುವುದು ಬಿಟ್ಟುಹೋಗಿದೆ ಅಂತ ಅರ್ಥ. ಸರಿಯಾಗಿ ಕೂಡಿಸಿದರೆ 9, 22, 34, 45, 55, 64, 72, 79, 85, 90, 94, 97, 99, 100 ಅಂತ ಬರುತ್ತದೆ. ಎಲ್ಲೂ ಒಡೆಯದೆ ತುದಿ ಮುಟ್ಟಿದರೂ 14 ಪ್ರಯತ್ನ. 22ರಲ್ಲಿ ಒಡೆದರೆ 10ರಿಂದ 21ರವರೆಗೆ ಒಂದೊಂದೇ ಮಹಡಿ, ಆಗಲೂ ಎರಡು ಮತ್ತು ಹನ್ನೆರಡು ಸೇರಿ 14. 9ರಲ್ಲೇ ಒಡೆದರೆ ಮಾತ್ರ 9ಕ್ಕೇ ಮುಗಿಯುತ್ತದೆ. ಸಡಿಲನ್ನು ನಿಮ್ಮ ಕೋಡ್ ಮೊದಲ ಹೆಜ್ಜೆಯಲ್ಲೇ ಖರ್ಚು ಮಾಡಿದೆ. ಹಾಗಾಗಿ ಎರಡನೇ ಹೆಜ್ಜೆಯಿಂದ ಬೇರೆ ಆಯ್ಕೆಯೇ ಉಳಿದಿಲ್ಲ.

ಎಲ್ಲರೂ ಹೇಳುವ ದಾರಿ 14, 27, 39, 50, 60, 69, 77, 84, 90, 95, 99, 100. ಅದು ಸಡಿಲನ್ನು ಕೊನೆಗೆ ಉಳಿಸಿಕೊಳ್ಳುತ್ತದೆ, ಎಲ್ಲೂ ಒಡೆಯದಿದ್ದರೆ 12ಕ್ಕೇ ಮುಗಿಯುತ್ತದೆ. ನನಗೆ ತುಂಬಾ ಇಷ್ಟವಾಗುವ ವಿಷಯ ಇಲ್ಲಿದೆ. `<=` ಹಾಕಿದರೂ ನಿಮ್ಮ ಕೋಡ್ ಈ ಪಟ್ಟಿಯನ್ನು ಪೂರ್ತಿ ಕೊಡುವುದಿಲ್ಲ. 90ರವರೆಗೆ ಹೊಂದುತ್ತದೆ, ಆಮೇಲೆ 95ರ ಬದಲು 94 ಬರುತ್ತದೆ. ಯಾಕೆಂದರೆ 90 ದಾಟಿದಾಗ 10 ಮಹಡಿ ಉಳಿದಿದೆ, 10 ಮಹಡಿಗೆ 4 ಪ್ರಯತ್ನ ಸಾಕು, ಅದಕ್ಕೆ ನಾಲ್ಕನೆಯದಕ್ಕೇ ಹೋಗಬೇಕು. 95ಕ್ಕೆ ಹೋಗಿ ಒಡೆದರೆ 91ರಿಂದ 94 ನೋಡಬೇಕು, ಆ 10 ಮಹಡಿಗೆ 5 ಪ್ರಯತ್ನ ಆಗುತ್ತದೆ. ಅಷ್ಟರಲ್ಲಿ ನಾವು ಬೀಳಿಸಿದ್ದು 9 ಸಲ ಮಾತ್ರ, ಆದ್ದರಿಂದ ಒಟ್ಟು 14 ದಾಟುವುದಿಲ್ಲ, ಆ ಪಟ್ಟಿಯೂ ತಪ್ಪಲ್ಲ. ಟೇಬಲ್ ಮಾತ್ರ ಪ್ರತಿ ಹಂತದಲ್ಲೂ ಉಳಿದ ಕಟ್ಟಡವನ್ನು ಹೊಸ ಲೆಕ್ಕ ಅಂತಲೇ ನೋಡುತ್ತದೆ, ಅಲ್ಲಿಂದ ಮುಂದಿನದನ್ನು ಆದಷ್ಟು ಕಡಿಮೆ ಮಾಡುತ್ತದೆ.

ನಿಮ್ಮ ಕೋಡ್ ಸರಿಯಿದೆ ಅಂತ ಖಚಿತಪಡಿಸಿಕೊಳ್ಳಲು ಮೂರು ಮೊಟ್ಟೆ ಕೊಟ್ಟು ಓಡಿಸಿ. 100 ಮಹಡಿಗೆ 9 ಪ್ರಯತ್ನ ಬರಬೇಕು. ಮೂರು ಮೊಟ್ಟೆಗೆ 9 ಪ್ರಯತ್ನದಲ್ಲಿ 129 ಮಹಡಿ ಆಗುತ್ತದೆ, ಸಡಿಲು 29. ಹಾಗಾಗಿ `<` ಇದ್ದರೆ ಮೊದಲ ಮಹಡಿ 8, `<=` ಇದ್ದರೆ 37 ಅಂತ ತೋರಿಸಬೇಕು.