ಕಿಟಕಿ ಇಳಿಸಿದರೂ ಕಾರಿನಲ್ಲಿ ಉಳಿಯುವ ಹೊಗೆ

ಪ್ರಶ್ನೆ: ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಾಗ ನಮ್ಮ ಯಜಮಾನರು ಮಂಡಗದ್ದೆ ಹತ್ತಿರ ಕಾರು ನಿಲ್ಲಿಸಿ ಸಿಗರೇಟು ಸೇದುತ್ತಾರೆ. ಮಳೆಯಿದ್ದರೆ ಕೆಳಗಿಳಿಯುವುದಿಲ್ಲ, ಕಿಟಕಿ ಇಳಿಸಿ ಕೈ ಹೊರಗಿಟ್ಟುಕೊಳ್ಳುತ್ತಾರೆ. ಹಿಂದಿನ ಸೀಟಿನಲ್ಲಿ ಮೂರು ಮತ್ತು ಏಳು ವರ್ಷದ ಮಕ್ಕಳಿರುತ್ತಾರೆ. ಹೊಗೆಯೆಲ್ಲ ಹೊರಗೆ ಹೋಗುತ್ತದಲ್ಲವೇ?

ಉತ್ತರ: ಇಲ್ಲ, ಒಂದಷ್ಟು ಒಳಗೇ ಉಳಿಯುತ್ತದೆ. ನಿಂತ ಕಾರಿನಲ್ಲಿ ಗಾಳಿಯನ್ನು ಹೊರಗೆ ತಳ್ಳುವಂಥದ್ದು ಏನೂ ಇರುವುದಿಲ್ಲ. ಕಾರು ಓಡುವಾಗ ಒಳಗಿನ ಗಾಳಿ ಬೇಗ ಬದಲಾಗುತ್ತದೆ. ನಿಂತಾಗ ಎಲ್ಲವೂ ಹೊರಗೆ ಬೀಸುವ ಗಾಳಿಯ ಮೇಲೆ ನಿಂತಿದೆ. ಮರಗಳ ನಡುವಿನ ರಸ್ತೆಬದಿಯಲ್ಲಿ ಗಾಳಿ ಆಡುವುದೇ ಕಡಿಮೆ. ಮಳೆಯಲ್ಲಂತೂ ಉಳಿದ ಕಿಟಕಿಗಳು ಮುಚ್ಚಿಯೇ ಇರುತ್ತವೆ, ಆಗ ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಲು ದಾರಿಯಿಲ್ಲ.

ಕೈ ಹೊರಗಿದ್ದರೂ, ಗಾಳಿ ಆ ಬದಿಯಿಂದ ಬೀಸಿದರೆ ಸಿಗರೇಟಿನ ತುದಿಯ ಹೊಗೆ ಕಿಟಕಿಯೊಳಗೇ ನುಗ್ಗುತ್ತದೆ. ಸುತ್ತಲಿನವರ ಉಸಿರಿಗೆ ಸೇರುವ ಹೊಗೆಯಲ್ಲಿ ಹೆಚ್ಚಿನ ಪಾಲು ಈ ತುದಿಯದ್ದೇ. ಸೇದಿ ಬಿಟ್ಟ ಉಸಿರೂ ಒಳಗೇ ಬೀಳುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ಸಿಗರೇಟಿನಿಂದ ಸುಮಾರು 10 ಮಿಲಿಗ್ರಾಂ ಸೂಕ್ಷ್ಮ ಕಣಗಳು ಗಾಳಿಗೆ ಸೇರುತ್ತವೆ. ಸಾಧಾರಣ ಕಾರಿನೊಳಗೆ 3 ಘನ ಮೀಟರ್‌ನಷ್ಟು ಗಾಳಿ ಇರುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಹೊರಹೋಯಿತು ಎಂದುಕೊಂಡರೂ, ಉಳಿದ ಒಂದು ಪಾಲಿನಿಂದ ಪ್ರತಿ ಘನ ಮೀಟರ್‌ಗೆ 300 ಮೈಕ್ರೋಗ್ರಾಂ ದಾಟುತ್ತದೆ. ನಮ್ಮ ದೇಶದಲ್ಲಿ ಇಂಥ ಕಣಗಳಿಗೆ ನಿಗದಿಯಾಗಿರುವ 24 ಗಂಟೆಗಳ ಸರಾಸರಿ ಮಿತಿ 60 ಮೈಕ್ರೋಗ್ರಾಂ. ಕೆಲವೇ ನಿಮಿಷಗಳ ಪ್ರಮಾಣವನ್ನು ದಿನದ ಸರಾಸರಿಯ ಜೊತೆ ನೇರವಾಗಿ ತೂಗಲಾಗದು, ನಿಜ. ಆದರೆ ‘ಸ್ವಲ್ಪವೇ ಉಳಿದಿದೆ’ ಎಂಬುದು ಎಷ್ಟು ದೊಡ್ಡ ‘ಸ್ವಲ್ಪ’ ಎಂಬುದು ಇದರಿಂದ ತಿಳಿಯುತ್ತದೆ. ಮೂರು ವರ್ಷದ ಮಗು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತದೆ, ಆದ್ದರಿಂದ ಅದರ ಮೈತೂಕಕ್ಕೆ ಹೋಲಿಸಿದರೆ ಒಳಹೋಗುವ ಹೊಗೆಯೂ ಹೆಚ್ಚು.

ಇಂಗ್ಲೆಂಡಿನಲ್ಲಿ 2015ರಿಂದ 18 ವರ್ಷದೊಳಗಿನವರು ಇರುವ ಖಾಸಗಿ ಕಾರಿನಲ್ಲಿ ಧೂಮಪಾನ ನಿಷಿದ್ಧ. ಕಿಟಕಿ ತೆರೆದಿದ್ದರೂ, ತೆರೆದ ಬಾಗಿಲಲ್ಲಿ ಕೂತು ಸೇದಿದರೂ ಅಲ್ಲಿ ವಿನಾಯಿತಿಯಿಲ್ಲ.

ವಾಸನೆ ಹೋಯಿತೆಂದು ನಂಬಬೇಡಿ. ನಿಕೋಟಿನ್ ಸೀಟಿನ ಬಟ್ಟೆಗೂ ಮೇಲ್ಛಾವಣಿಯ ಒಳಬಟ್ಟೆಗೂ ಅಂಟಿಕೊಂಡು, ಬಿಸಿಲಿಗೆ ಕಾರು ಕಾದಾಗ ಮತ್ತೆ ಗಾಳಿಗೆ ಬರುತ್ತದೆ. ಪರ್ಫ್ಯೂಮ್ ಇದನ್ನು ಮರೆಮಾಡುತ್ತದೆ, ತೆಗೆಯುವುದಿಲ್ಲ.

ಯಜಮಾನರು ಸೇದಲೇಬೇಕಿದ್ದರೆ ಕಾರು ನಿಲ್ಲಿಸಿ, ಕಿಟಕಿಗಳನ್ನು ಏರಿಸಿ, ನೀವು ಮಕ್ಕಳ ಜೊತೆಯಲ್ಲೇ ಇರಿ. ಅವರು ರೇನ್‌ಕೋಟ್ ಹಾಕಿಕೊಂಡು, ಹೊಗೆ ಕಾರಿನ ಕಡೆ ಬರದಷ್ಟು ದೂರ ಹೋಗಲಿ. ಕೊನೆಯ ದಮ್ಮಿನ ನಂತರವೂ ಕೆಲವು ಉಸಿರುಗಳ ತನಕ ಹೊಗೆ ಬರುತ್ತಲೇ ಇರುತ್ತದೆ, ಆದ್ದರಿಂದ ಎರಡು ಮೂರು ನಿಮಿಷ ಅಲ್ಲೇ ನಿಂತು ಬರಲಿ. ಪ್ರಯಾಣದ ಹೊತ್ತಿಗೆ ನಿಕೋಟಿನ್ ಗಮ್ ಬಳಸಬಹುದೇ ಎಂದು ವೈದ್ಯರನ್ನು ಕೇಳಿ. ಅದನ್ನು ಬಾಯಿಗೆ ಹಾಕುವ 15 ನಿಮಿಷ ಮೊದಲಿಂದ ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗಮ್ಮಿನ ಪಟ್ಟಿ ಮಕ್ಕಳ ಕೈಗೆ ಸಿಗದಂತೆ ಇಡಿ.