ಮುಖ ಊದಿದ ಜವಾರಿ ಕೋಳಿ, ದಿಢೀರ್ ಸಾವು

"ಗದಗ ಹತ್ರ 40 ಜವಾರಿ ಕೋಳಿ ಸಾಕಿದ್ದೀನಿ. ಸಂತೆಯಿಂದ 6 ತಂದು ಬಿಟ್ಟ ಮೇಲೆ ಕೆಲವಕ್ಕೆ ಮುಖ ಊದಿದೆ, ನಿನ್ನೆ ಚೆನ್ನಾಗಿದ್ದ 3 ಬೆಳಿಗ್ಗೆ ಸತ್ತಿದ್ದವು. ಏನಿದು?"

ಮುಖ ಊದಿದ್ದು ಬಹುಶಃ ಕೊರೈಜಾ ಎಂಬ ಕೋಳಿ ನೆಗಡಿ ರೋಗ, ಸಂತೆ ಕೋಳಿ ಜೊತೆ ಬಂದದ್ದು. ಮೂಗಿನ ಅಂಟಂಟು ಸಿಂಬಳ ಕೆಟ್ಟ ವಾಸನೆ ಹೊಡೆದರೆ ಅನುಮಾನ ಜಾಸ್ತಿಯಾಗುತ್ತದೆ. ಆದರೆ ಕೊರೈಜಾ ಒಂದರಿಂದಲೇ ಹೀಗೆ ದಿಢೀರ್ ಸಾಯುವುದು ಕಡಿಮೆ. ಗಲ್ಲದ ಕೆಳಗಿನ ಜೋಲು ಊದಿ, ಹಸಿರು ಭೇದಿ ಇದ್ದರೆ ಕೋಳಿ ಕಾಲರಾ ಕೂಡ ಸೇರಿರಬಹುದು. ಹಕ್ಕಿಜ್ವರ, ರಾಣಿಖೇತ್ ಕೂಡ ಹೀಗೇ ಕಾಣುತ್ತವೆ, ಕಣ್ಣಲ್ಲಿ ನೋಡಿ ಹೇಳಲಾಗದು.

ಅದಕ್ಕೇ ಸತ್ತದ್ದನ್ನು ಕೊಯ್ಯಬೇಡಿ, ತಿನ್ನಬೇಡಿ. ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ. ಅವರು ತರಲು ಹೇಳಿದರೆ ಈಗಷ್ಟೇ ಸತ್ತದ್ದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಮೇಲಿಟ್ಟು ಒಯ್ಯಿರಿ. ಕಾಲರಾ ಆಗಿದ್ದರೆ ಅವರು ಕೊಯ್ದು ನೋಡಿದಾಗ ಪಿತ್ತಜನಕಾಂಗದ ಮೇಲೆ ಸಣ್ಣ ಬಿಳಿ ಚುಕ್ಕಿ ಕಾಣುವುದುಂಟು, ಖಚಿತ ಆಗೋದು ಲ್ಯಾಬಿನಲ್ಲೇ.

ಊದಿದವನ್ನು ಬೇರೆ ಕಡೆ ಕೂಡಿ ಹಾಕಿ. ಮೊದಲು ಆರೋಗ್ಯದವಕ್ಕೆ ನೀರು ಕಾಳು ಹಾಕಿ, ಆಮೇಲೆ ರೋಗದವಕ್ಕೆ. ಔಷಧ ಡಾಕ್ಟರ್ ಹೇಳಿದ್ದೇ ಕೊಡಿ. ನೀರಿನಲ್ಲಿ ಬೆರೆಸುವುದಾದರೆ ಬೇರೆ ನೀರಿನ ತಟ್ಟೆ, ಹೊಂಡ ಎಲ್ಲ ಮುಚ್ಚಿ, ಇಲ್ಲದಿದ್ದರೆ ಅದನ್ನೇ ಕುಡಿಯುತ್ತವೆ. ತೀರಾ ಮಂಕಾದ ಕೋಳಿ ನೀರೇ ಕುಡಿಯುವುದಿಲ್ಲ, ಅದಕ್ಕೆ ಇಂಜೆಕ್ಷನ್ ಕೇಳಿ. ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತಲೂ ಕೇಳಿಕೊಳ್ಳಿ.

ಉಳಿದ ಸತ್ತವನ್ನು ಆಳವಾಗಿ ಹೂಳಿ, ಸುಣ್ಣ ಹಾಕಿ. ಇಲಿ, ನಾಯಿ ಎಳೆದರೆ ಕಾಲರಾ ಮತ್ತೆ ಹಬ್ಬುತ್ತದೆ. ವಾಸಿಯಾದವೂ ರೋಗ ಹೊತ್ತುಕೊಂಡಿರುತ್ತವೆ, ಸಂತೆಗೆ ಮಾರಬೇಡಿ, ಹೊಸ ಮರಿಗಳ ಜೊತೆ ಬಿಡಬೇಡಿ.